ದುಂಡು ಡಬ್ಬ, ಹೊಳೆಯುವ ಲೇಬಲ್: ಓಸಿಆರ್ ಓದುವ ಬಗೆ, ಅದು ಎಡವುವ ಜಾಗಗಳು ಮತ್ತು ಸರಿಪಡಿಸುವ ಕ್ರಮ

ಓಸಿಆರ್, ಅಂದರೆ ಚಿತ್ರದಲ್ಲಿರುವ ಬರಹವನ್ನು ಓದಿ ಪಠ್ಯವಾಗಿಸುವ ತಂತ್ರಾಂಶ, ಬಳಸಿ ಉತ್ಪನ್ನಗಳ ಫೋಟೊಗಳಿಂದ ಲೇಬಲ್ ಓದಿಸುವ ಕೆಲಸದಲ್ಲಿ ತೊಡಗಿದವರು ಸಾಮಾನ್ಯವಾಗಿ ಒಂದು ವಿಚಿತ್ರವನ್ನು ಗಮನಿಸಿರುತ್ತಾರೆ. ಚಪ್ಪಟೆ ರಟ್ಟಿನ ಪೆಟ್ಟಿಗೆಯ ಮೇಲಿನ ಬರಹವನ್ನು ಒಂದೂ ತಪ್ಪಿಲ್ಲದೆ ಓದಿದ ತಂತ್ರಾಂಶವೇ, ಅದೇ ಬರಹ ದುಂಡನೆಯ ತಗಡಿನ ಡಬ್ಬದ ಮೇಲಿದ್ದಾಗ ಅಕ್ಷರ ನುಂಗುತ್ತದೆ, ಎರಡು ಸಾಲುಗಳನ್ನು ಬೆರೆಸುತ್ತದೆ, ಕೆಲವೆಡೆ ಇಡೀ ಪದವನ್ನೇ ಬಿಟ್ಟು ಮುಂದೆ ಹೋಗುತ್ತದೆ. ಆಗ ಬೇರೊಂದು ತಂತ್ರಾಂಶವನ್ನು ಹುಡುಕುವುದು ಸಹಜ ಪ್ರತಿಕ್ರಿಯೆ. ಆದರೆ ಈ ತಪ್ಪುಗಳಲ್ಲಿ ಹೆಚ್ಚಿನವು ಫೋಟೊ ತೆಗೆಯುವ ಹೊತ್ತಿಗೇ ನಿರ್ಧಾರವಾಗಿರುತ್ತವೆ. ತಪ್ಪು ಯಾವ ರೂಪದಲ್ಲಿದೆ ಎಂಬುದನ್ನು ನೋಡಿದರೆ ಅದರ ಕಾರಣವನ್ನೂ ಹೇಳಬಹುದು.

ಈ ಮಾರ್ಗದರ್ಶಿ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತದೆ. 7 ಸೆಂ.ಮೀ. ವ್ಯಾಸ ಮತ್ತು 11 ಸೆಂ.ಮೀ. ಎತ್ತರದ, ಹೊಳಪು ವಾರ್ನಿಶ್ ಬಳಿದ ಲೇಬಲ್ ಇರುವ ಒಂದು ಡಬ್ಬವನ್ನು ತೆಗೆದುಕೊಳ್ಳೋಣ. ಅದರ ಸುತ್ತ ಪದಾರ್ಥಗಳ ಪಟ್ಟಿ ಮತ್ತು ಪೋಷಕಾಂಶಗಳ ಕೋಷ್ಟಕವನ್ನು ಸಣ್ಣ ಲ್ಯಾಟಿನ್ ಅಕ್ಷರಗಳಲ್ಲಿ ಅಚ್ಚು ಮಾಡಲಾಗಿದೆ. ಚಿಕ್ಕಕ್ಷರ x ಇದರಲ್ಲಿ 1.2 ಮಿ.ಮೀ. ಎತ್ತರವಿದೆ, ಒಂದು ಸಾಲಿನಿಂದ ಮುಂದಿನ ಸಾಲಿಗೆ ಸುಮಾರು 2.5 ಮಿ.ಮೀ. ಅಂತರವಿದೆ.

ಓಸಿಆರ್ ನಿಜವಾಗಿ ಮಾಡುವುದೇನು

ಇಂದಿನ ಓಸಿಆರ್ ವ್ಯವಸ್ಥೆಗಳಲ್ಲಿ ಬಹುತೇಕ ಎಲ್ಲವೂ ಕೆಲಸವನ್ನು ಎರಡು ಹಂತವಾಗಿ ಒಡೆಯುತ್ತವೆ. ಮೊದಲ ಹಂತ ಚಿತ್ರದಲ್ಲಿ ಬರಹ ಎಲ್ಲಿದೆ ಎಂಬುದನ್ನು ಪತ್ತೆಹಚ್ಚಿ, ಪ್ರತಿ ಪದದ ಅಥವಾ ಸಾಲಿನ ಸುತ್ತ ಒಂದು ಚೌಕಟ್ಟು ಎಳೆಯುತ್ತದೆ. ಎರಡನೆಯ ಹಂತ ಆ ಚೌಕಟ್ಟಿನೊಳಗಿನ ತುಂಡನ್ನು ಕತ್ತರಿಸಿ, ನೇರ ಮಾಡಿ, ನಿಗದಿತ ಎತ್ತರದ ಒಂದು ಪಟ್ಟಿಯಾಗಿ ಮಾರ್ಪಡಿಸುತ್ತದೆ. ಈ ಎತ್ತರ ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ, 32 ಅಥವಾ 48 ಪಿಕ್ಸೆಲ್ ಸಾಮಾನ್ಯ. ಬಳಿಕ ಆ ಪಟ್ಟಿಯನ್ನು ಎಡದಿಂದ ಬಲಕ್ಕೆ ಸಣ್ಣ ಸಣ್ಣ ಹೋಳುಗಳಾಗಿ ನೋಡುತ್ತಾ, ಪ್ರತಿ ಹೋಳಿಗೂ ಯಾವ ಅಕ್ಷರವಿರಬಹುದು ಎಂದು ಅಂದಾಜಿಸುತ್ತದೆ.

ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿ ಈ ಹೋಳುಗಳಲ್ಲಿದೆ. 2015ರಲ್ಲಿ ಪ್ರಕಟವಾಗಿ ಬಹಳ ಬಳಕೆಗೆ ಬಂದ ಸಿಆರ್‌ಎನ್‌ಎನ್ ಮಾದರಿಯಲ್ಲಿ 32 ಪಿಕ್ಸೆಲ್ ಎತ್ತರದ ಪಟ್ಟಿಯ ಅಗಲದಲ್ಲಿ ಸುಮಾರು 4 ಪಿಕ್ಸೆಲ್‌ಗೆ ಒಂದರಂತೆ ಹೋಳುಗಳು ಬರುತ್ತವೆ. ಒಂದು ಅಕ್ಷರ ಹಲವು ಹೋಳುಗಳಲ್ಲಿ ಹರಡಿಕೊಂಡಿರುವುದರಿಂದ, ಒಂದರ ಪಕ್ಕದಲ್ಲಿ ಒಂದು ಬಂದ ಒಂದೇ ಉತ್ತರಗಳನ್ನು ವ್ಯವಸ್ಥೆ ಒಂದಾಗಿ ಮಡಿಸುತ್ತದೆ. ಹಾಗಾದರೆ ನಿಜವಾಗಿಯೂ ಎರಡು l ಇರುವ ಪದವನ್ನು ಅದು ಹೇಗೆ ತಿಳಿಯಬೇಕು? ಆ ಎರಡು ಅಕ್ಷರಗಳ ನಡುವೆ ‘ಖಾಲಿ’ ಎಂಬ ಗುರುತು ಪಡೆದ ಹೋಳೊಂದು ಇರಬೇಕು. 2006ರಲ್ಲಿ ಬಂದ ಸಿಟಿಸಿ ಎಂಬ ವಿಧಾನದ ನಿಯಮ ಇದು. ಹೀಗಾಗಿ ಅಕ್ಷರಗಳು ಅಡ್ಡಲಾಗಿ ಒತ್ತಿಕೊಂಡಾಗ, ಕಣ್ಣಿಗೆ ಇನ್ನೂ ಓದಲು ಬರುವಂತಿದ್ದರೂ, ಹೋಳುಗಳ ಸಂಖ್ಯೆ ಸಾಲದೆ ಅಕ್ಷರಗಳು ಕಳೆದುಹೋಗುತ್ತವೆ. ಮೊದಲು ಹೋಗುವುದು ಜೋಡಿ ಅಕ್ಷರಗಳು ಮತ್ತು i, l, t ಮುಂತಾದ ತೆಳು ಅಕ್ಷರಗಳು.

ಹಂತ 1: ಪಿಕ್ಸೆಲ್ ಎಣಿಸಿ

ಬೇರೆ ಏನನ್ನೂ ಮಾಡುವ ಮೊದಲು ಫೋಟೊವನ್ನು ಪೂರ್ಣ ಗಾತ್ರದಲ್ಲಿ ತೆರೆದು, ಅತಿ ಸಣ್ಣ ಬರಹದ ಒಂದು x ಅಕ್ಷರ ಎಷ್ಟು ಪಿಕ್ಸೆಲ್ ಎತ್ತರವಿದೆ ಎಂದು ಎಣಿಸಿ. ಮುಕ್ತ ತಂತ್ರಾಂಶವಾದ ಟೆಸರಾಕ್ಟ್‌ಗೆ ಸಂಬಂಧಿಸಿ ಬಹುಕಾಲದಿಂದ ಹೇಳಿಕೊಂಡು ಬಂದ ಅಳತೆ ಎಂದರೆ, x ಎತ್ತರ 20 ಪಿಕ್ಸೆಲ್ ಆಸುಪಾಸಿನಲ್ಲಿದ್ದರೆ ನೆಮ್ಮದಿ, 10ಕ್ಕಿಂತ ಕಡಿಮೆಯಾದರೆ ಸರಿಯಾದ ಓದು ಸಿಗುವ ಸಾಧ್ಯತೆ ತೀರಾ ಕಡಿಮೆ. ಬೇರೆ ವ್ಯವಸ್ಥೆಗಳು ಒಂದಿಷ್ಟು ಉದಾರವಾಗಿರಬಹುದು, ಆದರೂ ಲೆಕ್ಕಾಚಾರಕ್ಕೆ ಇದು ಒಳ್ಳೆಯ ಆಧಾರ.

ನಮ್ಮ ಡಬ್ಬವನ್ನು 4000×3000 ಪಿಕ್ಸೆಲ್‌ನ ಫೋನ್ ಕ್ಯಾಮೆರಾದಲ್ಲಿ, ಫೋನನ್ನು ಉದ್ದಕ್ಕೆ ಹಿಡಿದು, ಪ್ರತಿ ಮಿ.ಮೀ.ಗೆ ಸುಮಾರು 15 ಪಿಕ್ಸೆಲ್ ಬರುವಂತೆ ತೆಗೆದಿದ್ದೇವೆ ಎಂದಿಟ್ಟುಕೊಳ್ಳಿ. ಆಗ x ಎತ್ತರ 18 ಪಿಕ್ಸೆಲ್ ಆಗುತ್ತದೆ, ಇದು ಸಾಕು. ಅದೇ ಫೋಟೊವನ್ನು ಸಂದೇಶದ ಆ್ಯಪ್ ಒಂದರ ಮೂಲಕ ಕಳುಹಿಸಿದಾಗ ಉದ್ದ ಬದಿ 1600 ಪಿಕ್ಸೆಲ್‌ಗೆ ಇಳಿದರೆ x ಎತ್ತರ 7 ಪಿಕ್ಸೆಲ್ ಆಗುತ್ತದೆ, ಇದು ಸಾಲದು. ಅದನ್ನು ಮತ್ತೆ ದೊಡ್ಡದು ಮಾಡಿದರೂ ಕಳೆದುಹೋದ ವಿವರ ಹಿಂದಿರುಗುವುದಿಲ್ಲ. ಆದ್ದರಿಂದ ಮೂಲ ಕಡತವನ್ನೇ, ಕುಗ್ಗಿಸದೆ, ಕೈಗೆ ಪಡೆಯುವ ವ್ಯವಸ್ಥೆಯನ್ನು ಮೊದಲು ಮಾಡಿಕೊಳ್ಳಿ. ಬಾಗಿದ ಲೇಬಲ್ಲಿನ ಸಮಸ್ಯೆ ಎಂದು ದೂರಲಾದ ಹಲವು ಫೋಟೊಗಳ ನಿಜವಾದ ತೊಂದರೆ ಇಷ್ಟೇ ಆಗಿರುತ್ತದೆ.

ಹಂತ 2: ದೂರ ಸರಿದು, ಬರಹದ ಮಟ್ಟಕ್ಕೆ ಕ್ಯಾಮೆರಾ ಇಳಿಸಿ

ಸಣ್ಣ ಅಕ್ಷರ ಕಂಡೊಡನೆ ಫೋನನ್ನು ಹತ್ತಿರ ಒಯ್ಯುವುದು ಎಲ್ಲರ ಅಭ್ಯಾಸ. ದುಂಡು ಡಬ್ಬದ ವಿಷಯದಲ್ಲಿ ಈ ಅಭ್ಯಾಸವೇ ದೊಡ್ಡ ಕೇಡು. ಕ್ಯಾಮೆರಾ ಹತ್ತಿರವಿದ್ದಾಗ ಡಬ್ಬದ ಮುಂಭಾಗಕ್ಕೂ ಬದಿಗಳಿಗೂ ಇರುವ ದೂರದ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಬದಿ ಹೆಚ್ಚು ದೂರವಿರುವುದರಿಂದ ಅಲ್ಲಿನ ಬರಹ ಚಿಕ್ಕದಾಗುತ್ತದೆ, ಮತ್ತು ಕ್ಯಾಮೆರಾ ಮಟ್ಟಕ್ಕಿಂತ ಮೇಲಿನ ಸಾಲುಗಳ ತುದಿಗಳು ಕೆಳಕ್ಕೂ ಕೆಳಗಿನ ಸಾಲುಗಳ ತುದಿಗಳು ಮೇಲಕ್ಕೂ ಬಾಗುತ್ತವೆ.

ಎಷ್ಟು ಬಾಗುತ್ತವೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಕ್ಯಾಮೆರಾದಿಂದ ಡಬ್ಬದ ನಡು ಅಕ್ಷಕ್ಕೆ D ದೂರ, ಡಬ್ಬದ ತ್ರಿಜ್ಯ R, ಮುಂಭಾಗದ ನಡುಗೆರೆಯಿಂದ ಬದಿಗೆ ಸರಿದ ಕೋನ θ ಎಂದಿರಲಿ. ಕ್ಯಾಮೆರಾ ಮಟ್ಟದಿಂದ h ಎತ್ತರದಲ್ಲಿರುವ ಒಂದು ಸಾಲು, ನಡುವಿನಲ್ಲಿ ಕಾಣುವುದಕ್ಕೆ ಹೋಲಿಸಿದರೆ ಬದಿಯಲ್ಲಿ ಇಷ್ಟು ಎತ್ತರದಲ್ಲಿ ಕಾಣುತ್ತದೆ:

```
h × (D − R) / (D − R·cos θ)
```

R = 35 ಮಿ.ಮೀ., h = 40 ಮಿ.ಮೀ., θ = 60° ಎಂದು ಇಟ್ಟುಕೊಳ್ಳೋಣ. ಕ್ಯಾಮೆರಾ 20 ಸೆಂ.ಮೀ. ದೂರದಲ್ಲಿದ್ದರೆ ಸಾಲಿನ ತುದಿ 3.8 ಮಿ.ಮೀ. ಕೆಳಗೆ ಇಳಿಯುತ್ತದೆ. ಸಾಲುಗಳ ನಡುವಿನ ಅಂತರ 2.5 ಮಿ.ಮೀ. ಮಾತ್ರ ಎಂಬುದನ್ನು ನೆನಪಿಡಿ. ಅಂದರೆ ಒಂದು ಸಾಲಿನ ತುದಿ ಮುಂದಿನ ಸಾಲಿನ ನಡುಭಾಗದ ಮಟ್ಟವನ್ನೂ ದಾಟಿ ಕೆಳಗೆ ಹೋಗಿರುತ್ತದೆ! ಸಾಲಿನ ಸುತ್ತ ನೇರ ಚೌಕಟ್ಟು ಎಳೆಯುವ ವ್ಯವಸ್ಥೆ ಇಲ್ಲಿ ಎರಡು ಸಾಲುಗಳನ್ನು ಬೆರೆಸದೆ ಬೇರೆ ದಾರಿಯೇ ಇಲ್ಲ. ಕೆಳಗೆ ಒತ್ತಕ್ಷರ ಬರುವ ಕನ್ನಡದಂತಹ ಲಿಪಿಗಳಲ್ಲಿ ಈ ಬೆರಕೆ ಇನ್ನೂ ಬೇಗ ಆಗುತ್ತದೆ, ಏಕೆಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಚೌಕಟ್ಟಿನೊಳಕ್ಕೆ ಸುಲಭವಾಗಿ ಇಳಿಯುತ್ತದೆ.

ಅದೇ ಕ್ಯಾಮೆರಾವನ್ನು 60 ಸೆಂ.ಮೀ. ದೂರಕ್ಕೆ ಒಯ್ದರೆ ಇಳಿತ 1.2 ಮಿ.ಮೀ.ಗೆ ತಗ್ಗುತ್ತದೆ. ನಡುವಿನಿಂದ 40° ಒಳಗಿನ ಭಾಗವನ್ನು ಮಾತ್ರ ಬಳಸಿದರೆ ಅದು 0.6 ಮಿ.ಮೀ. ಮಾತ್ರ. ದೂರ ಸರಿದಾಗ ಕಳೆದುಕೊಳ್ಳುವ ಪಿಕ್ಸೆಲ್‌ಗಳನ್ನು ನಿಜವಾದ ಝೂಮ್ ಲೆನ್ಸ್ ಮರಳಿ ಕೊಡುತ್ತದೆ. ಫೋನಿನ ಮುಖ್ಯ ಲೆನ್ಸ್‌ನಿಂದ 20 ಸೆಂ.ಮೀ.ಗೆ ಸಿಗುವ ವಿವರವೂ, ಮೂರು ಪಟ್ಟು ಝೂಮ್ ಲೆನ್ಸ್‌ನಿಂದ 60 ಸೆಂ.ಮೀ.ಗೆ ಸಿಗುವ ವಿವರವೂ ಹೆಚ್ಚುಕಡಿಮೆ ಒಂದೇ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ವಸ್ತು ತೀರಾ ಹತ್ತಿರವಿದ್ದರೆ ಅಥವಾ ಬೆಳಕು ಕಡಿಮೆಯಿದ್ದರೆ ಹಲವು ಫೋನ್‌ಗಳು ಹೇಳದೆ ಕೇಳದೆ ಮುಖ್ಯ ಲೆನ್ಸ್‌ಗೆ ಬದಲಾಗಿ, ಅದರ ಚಿತ್ರದ ನಡುಭಾಗವನ್ನೇ ಹಿಗ್ಗಿಸಿ ತೋರಿಸುತ್ತವೆ. ಝೂಮ್ ಲೆನ್ಸ್‌ನ ಮೇಲೆ ಬೆರಳಿಟ್ಟು ನೋಡಿ. ಪರದೆ ಕತ್ತಲಾಗದಿದ್ದರೆ ನೀವು ನಿಜವಾದ ಝೂಮ್ ಬಳಸುತ್ತಿಲ್ಲ.

ಸೂತ್ರದಲ್ಲಿ h ಸೊನ್ನೆಯಾದರೆ ಇಳಿತವೂ ಸೊನ್ನೆ ಎಂಬುದನ್ನು ಗಮನಿಸಿ. ಆದ್ದರಿಂದ ಮೇಲಿನಿಂದ ಬಗ್ಗಿ ನೋಡುವ ಬದಲು, ಓದಬೇಕಾದ ಬರಹದ ಮಟ್ಟಕ್ಕೆ ಕ್ಯಾಮೆರಾವನ್ನು ಇಳಿಸಿ, ಡಬ್ಬಕ್ಕೆ ಲಂಬಕೋನದಲ್ಲಿ ಹಿಡಿಯಿರಿ.

ಹಂತ 3: ಡಬ್ಬ ತಿರುಗಿಸಿ, ಹಲವು ಫೋಟೊ ತೆಗೆಯಿರಿ

ದೂರದಿಂದ ನೋಡಿದಾಗ ಲೇಬಲ್ಲಿನ ಒಂದು ಭಾಗ ಎಷ್ಟು ಒತ್ತಿಕೊಂಡಂತೆ ಕಾಣುತ್ತದೆ ಎಂಬುದನ್ನು cos θ ಹೇಳುತ್ತದೆ. ನಡುವಿನಲ್ಲಿ 18 ಪಿಕ್ಸೆಲ್ ಅಗಲವಿರುವ ಅಕ್ಷರ 40°ಯಲ್ಲಿ 14 ಪಿಕ್ಸೆಲ್, 60°ಯಲ್ಲಿ 9 ಪಿಕ್ಸೆಲ್, 75°ಯಲ್ಲಿ 5 ಪಿಕ್ಸೆಲ್‌ಗಿಂತ ಸ್ವಲ್ಪ ಕಡಿಮೆ ಆಗುತ್ತದೆ. ಆ ಅಂಚಿನಲ್ಲಿ ಅಗಲವಾದ ಅಕ್ಷರಕ್ಕೇ ಒಂದು ಹೋಳು ಸಿಗುವುದಾದರೆ, i ಮತ್ತು l ಗಳಿಗೆ ಅರ್ಧ ಹೋಳೂ ಉಳಿಯುವುದಿಲ್ಲ. ಎತ್ತರ ಮಾತ್ರ ಹಾಗೆಯೇ ಇರುವುದರಿಂದ ಮನುಷ್ಯರ ಕಣ್ಣಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ.

ಮೂರು ಫೋಟೊ ತೆಗೆದರೆ ಸುತ್ತಲೂ ಬರುತ್ತದಲ್ಲ ಎಂದು ತೋರಬಹುದು. ಬರುತ್ತದೆ, ಆದರೆ ಪ್ರತಿ ಫೋಟೊದ ಅಂಚು 60°ಯಲ್ಲಿರುತ್ತದೆ ಮತ್ತು ಒಂದರ ಮೇಲೊಂದು ಬರುವ ಭಾಗ ಸ್ವಲ್ಪವೂ ಇರುವುದಿಲ್ಲ. ನನ್ನ ಆಯ್ಕೆ ಆರು ಫೋಟೊ. ಪ್ರತಿ ಸಲ ಡಬ್ಬವನ್ನು 60° ತಿರುಗಿಸಿ, ಪ್ರತಿ ಫೋಟೊದಿಂದ ನಡುವಿನ ಎಡಬಲಕ್ಕೆ 40° ಭಾಗವನ್ನು ಮಾತ್ರ ಬಳಸುವುದು. ನಮ್ಮ ಡಬ್ಬದ ಸುತ್ತಳತೆ 22 ಸೆಂ.ಮೀ., ಹಾಗಾಗಿ ಪ್ರತಿ ಫೋಟೊದಿಂದ ಸುಮಾರು 49 ಮಿ.ಮೀ. ಲೇಬಲ್ ದೊರೆತು, ಅಕ್ಕಪಕ್ಕದ ಫೋಟೊಗಳಲ್ಲಿ 12 ಮಿ.ಮೀ. ಸಮಾನವಾಗಿ ಬರುತ್ತದೆ. ಒಂದು ಫೋಟೊದಲ್ಲಿ ತುಂಡಾದ ಪದ ಇನ್ನೊಂದರಲ್ಲಿ ಪೂರ್ತಿಯಾಗಿ ಸಿಗಲು ಈ ಮೇಲ್ಬೀಳುವಿಕೆ ಬೇಕು. ತಿರುಗಿಸಲು ವಿಶೇಷ ಪೀಠವೇನೂ ಬೇಡ. ಕಾಗದದ ಮೇಲೆ ವೃತ್ತ ಬರೆದು ಆರು ಗೆರೆ ಎಳೆದು, ಡಬ್ಬದ ಮೇಲೆ ಒಂದು ಗುರುತು ಅಂಟಿಸಿ, ಆ ಗುರುತನ್ನು ಗೆರೆಯಿಂದ ಗೆರೆಗೆ ಸರಿಸಿದರೆ ಸಾಕು.

ಹಂತ 4: ದೀಪವನ್ನು ಬದಿಗಲ್ಲ, ಮೇಲಕ್ಕೆ ಸರಿಸಿ

ಹೊಳಪಿನ ವಿಷಯದಲ್ಲಿ ಮೊದಲು ಎರಡು ಬಗೆಯ ಬೆಳಕನ್ನು ಬೇರ್ಪಡಿಸಿಕೊಳ್ಳಬೇಕು. ಶಾಯಿ ಮತ್ತು ಕಾಗದದೊಳಕ್ಕೆ ಹೋಗಿ ಎಲ್ಲ ದಿಕ್ಕಿಗೂ ಚದುರಿ ಹೊರಬರುವ ಬೆಳಕು ಬರಹವನ್ನು ತೋರಿಸುತ್ತದೆ. ವಾರ್ನಿಶ್‌ನ ಮೇಲ್ಮೈಯಿಂದ ಕನ್ನಡಿಯಲ್ಲಿ ಆದಂತೆ ಒಂದೇ ದಿಕ್ಕಿಗೆ ಚಿಮ್ಮುವ ಬೆಳಕಿಗೆ ಬರಹದ ಸುಳಿವೇ ಇರುವುದಿಲ್ಲ, ಅದು ದೀಪದ ಬಿಂಬ ಮಾತ್ರ. ಆ ಬಿಂಬ ಕ್ಯಾಮೆರಾ ಅಳೆಯಬಲ್ಲ ಗರಿಷ್ಠ ಮಟ್ಟವಾದ 255ನ್ನು ಮುಟ್ಟಿದರೆ, ಅದರಡಿಯ ಶಾಯಿಯ ಮಾಹಿತಿ ಕಡತದಲ್ಲೇ ಇರುವುದಿಲ್ಲ. ಕಾಂಟ್ರಾಸ್ಟ್ ಹೆಚ್ಚಿಸುವುದರಿಂದಾಗಲಿ, ಚಿತ್ರವನ್ನು ಕಪ್ಪಾಗಿಸುವುದರಿಂದಾಗಲಿ ಇಲ್ಲದ ಅಕ್ಷರ ಬರುವುದಿಲ್ಲ. ಇದನ್ನು ಫೋಟೊ ತೆಗೆಯುವಾಗಲೇ ತಡೆಯಬೇಕು.

ದುಂಡು ಡಬ್ಬದ ಮೇಲೆ ದೀಪದ ಬಿಂಬ ಮೇಲಿನಿಂದ ಕೆಳಗಿನವರೆಗೆ ಹಬ್ಬಿದ ಬಿಳಿ ಪಟ್ಟೆಯಾಗಿ ಕಾಣುತ್ತದೆ. ಅದನ್ನು ಓಡಿಸಲು ಜನ ದೀಪವನ್ನು ಪಕ್ಕಕ್ಕೆ ಸರಿಸುತ್ತಾರೆ, ಪಟ್ಟೆಯೂ ಪಕ್ಕಕ್ಕೆ ಸರಿಯುತ್ತದೆ, ಆದರೆ ಹೋಗುವುದಿಲ್ಲ. ದೀಪವನ್ನು ಕ್ಯಾಮೆರಾದಿಂದ ಎಷ್ಟು ಕೋನ ಪಕ್ಕಕ್ಕೆ ಒಯ್ದರೂ ಪಟ್ಟೆ ಅದರ ಅರ್ಧ ಕೋನದಲ್ಲಿ ನಿಲ್ಲುತ್ತದೆ. ದೀಪ 60°ಯಲ್ಲಿದ್ದರೆ ಪಟ್ಟೆ 30°ಯಲ್ಲಿ, ಅಂದರೆ ನಾವು ಓದಬೇಕಾದ ಭಾಗದ ಮೇಲೆಯೇ ಇರುತ್ತದೆ. ಪಟ್ಟೆಯನ್ನು 40°ಯ ಆಚೆಗೆ ಅಟ್ಟಲು ದೀಪವನ್ನು 80°ಗಿಂತ ಆಚೆ ಒಯ್ಯಬೇಕು, ಆಗ ಡಬ್ಬದ ಇನ್ನೊಂದು ಬದಿ ಕತ್ತಲಾಗುತ್ತದೆ.

ಹೊರದಾರಿ ಡಬ್ಬದ ಆಕಾರದಲ್ಲೇ ಇದೆ. ಅದು ಅಡ್ಡಲಾಗಿ ಬಾಗಿದ್ದರೂ ಎತ್ತರದ ದಿಕ್ಕಿನಲ್ಲಿ ಕೋಲಿನಂತೆ ನೇರವಾಗಿದೆ. ಆದ್ದರಿಂದ ಮೇಲಿನಿಂದ ಓರೆಯಾಗಿ ಬಿದ್ದ ಬೆಳಕು ಅಷ್ಟೇ ಓರೆಯಾಗಿ ಕೆಳಕ್ಕೆ ಚಿಮ್ಮುತ್ತದೆ, ಡಬ್ಬದ ಯಾವ ಬದಿಗೆ ಬಿದ್ದರೂ ಈ ನಿಯಮ ತಪ್ಪುವುದಿಲ್ಲ. ಕ್ಯಾಮೆರಾ ಡಬ್ಬದ ಮಟ್ಟದಲ್ಲೇ ಇರುವುದರಿಂದ ಆ ಬೆಳಕು ಅದಕ್ಕೆ ಸಿಗುವುದೇ ಇಲ್ಲ. ಕ್ಯಾಮೆರಾದ ನೇರಕ್ಕೆ, ಅದಕ್ಕಿಂತ ಎತ್ತರದಲ್ಲಿ, ಡಬ್ಬದಿಂದ ನೋಡಿದರೆ ಸುಮಾರು 45° ಮೇಲಕ್ಕೆ ಕಾಣುವಂತೆ ದೀಪವನ್ನು ಇಡಿ. ಪಟ್ಟೆ ಸರಿಯುವ ಬದಲು ಮಾಯವಾಗುತ್ತದೆ. ದೊಡ್ಡ ಮೃದು ದೀಪವಾದರೆ ಅದರ ಕೆಳ ಅಂಚು ಕೂಡ ಡಬ್ಬದ ಮಟ್ಟದಿಂದ 20° ಮೇಲಾದರೂ ಇರಬೇಕು. ಕಿಟಕಿಯ ಬೆಳಕು ಇದಕ್ಕೆ ಹೊಂದುವುದಿಲ್ಲ, ಏಕೆಂದರೆ ಕಿಟಕಿ ಸಾಮಾನ್ಯವಾಗಿ ಡಬ್ಬದ ಮಟ್ಟದಿಂದಲೇ ಆರಂಭವಾಗುತ್ತದೆ.

ದೀಪವನ್ನು ಮೇಲೇರಿಸಿದ ಬಳಿಕವೂ ಡಬ್ಬ ಕನ್ನಡಿಯೇ. ಈಗ ಅದು ತನ್ನ ಮಟ್ಟದಲ್ಲಿ ಸುತ್ತ ಇರುವುದನ್ನೆಲ್ಲ ತೋರಿಸುತ್ತದೆ, ಬಿಳಿ ಗೋಡೆ, ಬಿಳಿ ಅಂಗಿ, ಮುಂದಿನ ಮೇಜಿನ ಹೊಳಪು. ಇವು 255ನ್ನು ಮುಟ್ಟುವುದಿಲ್ಲ, ಬರಹದ ಮೇಲೆ ಬೂದು ಪರದೆಯಂತೆ ಹರಡಿ ಕಪ್ಪನ್ನು ಮಂಕಾಗಿಸುತ್ತವೆ. ಕ್ಯಾಮೆರಾದ ಎರಡೂ ಪಕ್ಕದಲ್ಲಿ ಮತ್ತು ಡಬ್ಬದ ಮುಂದಿನ ಮೇಜಿನ ಮೇಲೆ ಹೊಳಪಿಲ್ಲದ ಕಪ್ಪು ಬಟ್ಟೆ ಹಾಕಿದರೆ ಪರದೆ ಸರಿಯುತ್ತದೆ. ಫೋನಿನ ಫ್ಲ್ಯಾಶ್ ಅನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಅದು ಲೆನ್ಸ್‌ನ ಪಕ್ಕದಲ್ಲೇ ಇರುವುದರಿಂದ ಬಿಂಬ ನೇರವಾಗಿ ಲೇಬಲ್ಲಿನ ನಡುವಿಗೆ ಬೀಳುತ್ತದೆ.

ಪೋಲರೈಸರ್ ಫಿಲ್ಟರ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಲೆನ್ಸ್‌ಗೆ ಮಾತ್ರ ಹಾಕಿದ ಫಿಲ್ಟರ್ ಪ್ಲಾಸ್ಟಿಕ್, ಗಾಜು, ವಾರ್ನಿಶ್‌ಗಳ ಪ್ರತಿಫಲನವನ್ನು ಸುಮಾರು 55°ಯಷ್ಟು ಓರೆಯಾಗಿ ನೋಡಿದಾಗ ಚೆನ್ನಾಗಿ ತಡೆಯುತ್ತದೆ, ನೇರವಾಗಿ ನೋಡಿದಾಗ ಹೆಚ್ಚೇನೂ ಮಾಡುವುದಿಲ್ಲ. ದೀಪಕ್ಕೂ ಒಂದು ಫಿಲ್ಟರ್ ಹಾಕಿ, ಲೆನ್ಸ್‌ನ ಫಿಲ್ಟರನ್ನು ಅದಕ್ಕೆ ಅಡ್ಡವಾಗಿ ತಿರುಗಿಸಿದರೆ ನೇರ ನೋಟದಲ್ಲೂ ಬಿಂಬ ಅಡಗುತ್ತದೆ. ಆದರೆ ಬರಿಯ ಲೋಹದ ಮೇಲೆ ಅಚ್ಚಾದ ಬರಹದಲ್ಲಿ ಹಿನ್ನೆಲೆಯ ಬೆಳ್ಳಿ ಬಣ್ಣವೇ ಪ್ರತಿಫಲನ. ಅದನ್ನು ತೆಗೆದರೆ ಹಿನ್ನೆಲೆ ಕಪ್ಪಾಗಿ, ಕಪ್ಪು ಶಾಯಿಯ ಬರಹ ಅದರಲ್ಲಿ ಮುಳುಗಿಹೋಗುತ್ತದೆ. ಅಂತಹ ಡಬ್ಬಕ್ಕೆ ತದ್ವಿರುದ್ಧ ಉಪಾಯ ಬೇಕು. ದೊಡ್ಡ ಬಿಳಿ ಹಾಳೆಯನ್ನು ಡಬ್ಬದ ಮಟ್ಟದಲ್ಲಿ ಸುತ್ತ ನಿಲ್ಲಿಸಿ, ಲೋಹಕ್ಕೆ ಎಲ್ಲೆಡೆ ಒಂದೇ ಬಿಳುಪು ಕಾಣುವಂತೆ ಮಾಡಬೇಕು.

ದೀಪವನ್ನು ಮೇಲೆ ಇಡಲು ಸಾಧ್ಯವೇ ಇಲ್ಲದಿದ್ದಾಗ ಇನ್ನೊಂದು ದಾರಿ ಇದೆ. ಕ್ಯಾಮೆರಾ ಮತ್ತು ಡಬ್ಬವನ್ನು ಅಲುಗಾಡಿಸದೆ, ದೀಪವನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಇಟ್ಟು ಎರಡು ಫೋಟೊ ತೆಗೆದು, ಪ್ರತಿ ಪಿಕ್ಸೆಲ್‌ನಲ್ಲೂ ಎರಡರಲ್ಲಿ ಕಡಿಮೆ ಮೌಲ್ಯವನ್ನು ಆರಿಸುವುದು. ಹೊಳಪು ಯಾವಾಗಲೂ ಬೆಳಕನ್ನು ಸೇರಿಸುತ್ತದೆಯೇ ಹೊರತು ಕಳೆಯುವುದಿಲ್ಲವಾದ್ದರಿಂದ ಈ ಲೆಕ್ಕ ನಡೆಯುತ್ತದೆ. ಪೈಥಾನ್‌ನಲ್ಲಿ ಅದಕ್ಕೆ `np.minimum(a, b)` ಎಂಬ ಒಂದೇ ಸಾಲು ಸಾಕು. ಫೋನನ್ನು ಕೈಯಲ್ಲಿ ಹಿಡಿದು ಇದನ್ನು ಮಾಡಲು ಹೋಗಬೇಡಿ, ಎರಡು ಪಿಕ್ಸೆಲ್ ಅಲುಗಿದರೂ ಅಕ್ಷರಗಳು ಇಮ್ಮಡಿಯಾಗಿ ಕಾಣುತ್ತವೆ.

ಹಂತ 5: ಹೊಳಪು ನುಂಗಿದ ಪಿಕ್ಸೆಲ್‌ಗಳನ್ನು ಗುರುತಿಸಿ

ಎಕ್ಸ್‌ಪೋಶರ್ ಅನ್ನು ಸ್ವಲ್ಪ ತಗ್ಗಿಸಿ, ಲೇಬಲ್ಲಿನ ಬಿಳಿ ಕಾಗದ 200ರಿಂದ 230ರ ನಡುವೆ ಬರುವಂತೆ ಮಾಡಿ. ಆಗ 250ನ್ನು ದಾಟಿದ್ದೆಲ್ಲ ಹೊಳಪೇ ಎಂದು ಧೈರ್ಯವಾಗಿ ಹೇಳಬಹುದು.

```python
import cv2
g = cv2.imread("can.jpg", 0)
mask = (g >= 250).astype("uint8") * 255
print((g >= 250).mean())
cv2.imwrite("mask.png", mask)
```

`mask.png` ತೆರೆದು ನೋಡಿ. ಬಿಳಿ ಕಲೆಗಳು ಬರಹದ ಮೇಲಿದ್ದರೆ ಫೋಟೊವನ್ನು ಮತ್ತೆ ತೆಗೆಯಿರಿ. ಡಬ್ಬ ಇನ್ನೂ ಕೈಯಲ್ಲಿರುವಾಗ ಇದು ಸುಲಭ.

ಹಂತ 6: ಬಾಗಿದ ಲೇಬಲನ್ನು ಬಿಡಿಸಿ ಹಾಸಿ

ಈಗ ಲೇಬಲನ್ನು ಚಪ್ಪಟೆ ಮಾಡೋಣ. ಚಿತ್ರದಲ್ಲಿ ಡಬ್ಬದ ಎಡ ಅಂಚು ಮತ್ತು ಬಲ ಅಂಚು ಯಾವ ಪಿಕ್ಸೆಲ್‌ನಲ್ಲಿವೆ ಎಂದು ನೋಡಿ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅವು 975 ಮತ್ತು 2025. ಇವುಗಳ ನಡುವಿನ ಅಂತರದ ಅರ್ಧವೇ ತ್ರಿಜ್ಯ, 525 ಪಿಕ್ಸೆಲ್. ಲೇಬಲ್ಲಿನ ಮೇಲೆ ನಡುವಿನಿಂದ s ದೂರದಲ್ಲಿರುವ ಬಿಂದು ಚಿತ್ರದಲ್ಲಿ R·sin(s/R) ದೂರದಲ್ಲಿ ಕಾಣುತ್ತದೆ. ಈ ಸಂಬಂಧವನ್ನು ಬಳಸಿ ಪ್ರತಿ ಬಿಂದುವನ್ನೂ ಅದರ ನಿಜವಾದ ಜಾಗಕ್ಕೆ ಮರಳಿಸಬಹುದು.

```python
import cv2, numpy as np
img = cv2.imread("can.jpg")
xL, xR = 975, 2025
R, xc = (xR - xL) / 2, (xR + xL) / 2
s = np.arange(-np.radians(40) * R, np.radians(40) * R)
h = img.shape[0]
mx = np.tile(xc + R * np.sin(s / R), (h, 1)).astype(np.float32)
my = np.tile(np.arange(h)[:, None], (1, len(s))).astype(np.float32)
flat = cv2.remap(img, mx, my, cv2.INTER_CUBIC)
cv2.imwrite("flat.png", flat)
```

ಈ ಸಣ್ಣ ಕಾರ್ಯಕ್ರಮ ಅಡ್ಡ ಒತ್ತಡವನ್ನು ಮಾತ್ರ ಸರಿಪಡಿಸುತ್ತದೆ, ಸಾಲುಗಳ ಮೇಲುಕೆಳಗಿನ ಬಾಗುವಿಕೆಯನ್ನು ಮುಟ್ಟುವುದಿಲ್ಲ. ಅದಕ್ಕಾಗಿಯೇ ಎರಡನೆಯ ಹಂತದಲ್ಲಿ ದೂರ ಸರಿದು ಬಂದೆವು. ಡಬ್ಬ ಚಿತ್ರದಲ್ಲಿ ಓರೆಯಾಗಿದ್ದರೆ ಮೊದಲು ಚಿತ್ರವನ್ನು ತಿರುಗಿಸಿ ನೆಟ್ಟಗೆ ಮಾಡಿಕೊಳ್ಳಬೇಕು. ಬಿಡಿಸುವುದರಿಂದ ಹೊಸ ವಿವರ ಹುಟ್ಟುವುದಿಲ್ಲ ಎಂಬುದೂ ನೆನಪಿರಲಿ. 75°ಯ ಅಂಚನ್ನು ಹಿಗ್ಗಿಸಿದರೆ ಅಗಲವಾದ ಮಸುಕು ಸಿಗುತ್ತದೆಯೇ ವಿನಾ ಅಕ್ಷರವಲ್ಲ. ಹೊಳಪಿನ `mask.png` ಚಿತ್ರವನ್ನೂ ಇದೇ `mx`, `my` ಬಳಸಿ ಬಿಡಿಸಿಟ್ಟುಕೊಂಡರೆ ಮುಂದಿನ ಹಂತಕ್ಕೆ ಉಪಯೋಗವಾಗುತ್ತದೆ.

ಹಂತ 7: ಓದಿಸಿ, ತಪ್ಪಿನ ರೂಪದಿಂದ ಕಾರಣ ತಿಳಿಯಿರಿ

```
tesseract flat.png out -l eng --psm 6 tsv
```

`--psm 6` ಎಂದರೆ ಇಡೀ ಚಿತ್ರವನ್ನು ಒಂದೇ ಬರಹದ ಖಂಡವೆಂದು ಭಾವಿಸು ಎಂದರ್ಥ. ಆದ್ದರಿಂದ ಪದಾರ್ಥಗಳ ಪಟ್ಟಿಯ ಭಾಗವನ್ನು ಮಾತ್ರ ಕತ್ತರಿಸಿ ಕೊಡುವುದು ಒಳ್ಳೆಯದು. ಲೋಗೊ, ಚಿತ್ರಗಳ ನಡುವೆ ಚದುರಿದ ಬರಹವಿದ್ದರೆ `--psm 11` ಬಳಸಿ. ಫಲಿತಾಂಶದ `out.tsv` ಕಡತದಲ್ಲಿ ಪ್ರತಿ ಪದದ ಜಾಗ ಮತ್ತು `conf` ಎಂಬ ಭರವಸೆಯ ಅಂಕ ಇರುತ್ತವೆ.

ಈಗ ತಪ್ಪುಗಳನ್ನು ಓದಿ. ಲೇಬಲ್ ತುಂಡಿನ ಎಡಬಲ ತುದಿಯ ಪದಗಳಲ್ಲಿ ಮಾತ್ರ ಅಕ್ಷರಗಳು ಕಳೆದುಹೋಗಿ, ಜೋಡಿ ಅಕ್ಷರಗಳು ಒಂದಾಗಿದ್ದರೆ ಅದು ಬದಿಯ ಒತ್ತಡದ ಫಲ. ಇನ್ನೂ ಕಿರಿದಾದ ಕೋನ ಬಳಸಿ, ಫೋಟೊಗಳ ಸಂಖ್ಯೆ ಹೆಚ್ಚಿಸಿ. ಪದಗಳು ಸರಿಯಾಗಿದ್ದೂ ಅವುಗಳ ಕ್ರಮ ಕೆಟ್ಟು, ಒಂದು ಸಾಲಿನ ಕೊನೆಗೆ ಬೇರೆ ಸಾಲಿನ ಪದ ಬಂದಿದ್ದರೆ ಅದು ಸಾಲುಗಳ ಬಾಗುವಿಕೆ, ಕ್ಯಾಮೆರಾ ಹತ್ತಿರವಿತ್ತು ಅಥವಾ ಮಟ್ಟ ತಪ್ಪಿತ್ತು. ಒಂದರ ಕೆಳಗೊಂದು ಬರುವ ಹಲವು ಸಾಲುಗಳಲ್ಲಿ ಒಂದೇ ಜಾಗದ ಪದಗಳು ಕಾಣೆಯಾಗಿದ್ದರೆ ಅಲ್ಲಿ ಹೊಳಪಿನ ಪಟ್ಟೆ ಇತ್ತು. ಎಲ್ಲ ಕಡೆಯೂ ಸಮನಾಗಿ, ಯಾವುದೇ ವಿನ್ಯಾಸವಿಲ್ಲದೆ ತಪ್ಪುಗಳು ಹರಡಿದ್ದರೆ ಪಿಕ್ಸೆಲ್ ಸಾಲದು ಅಥವಾ ಫೋಕಸ್ ತಪ್ಪಿದೆ.

`conf` ಅಂಕವನ್ನು ನಂಬುವುದರಲ್ಲಿ ಮಿತಿ ಇರಲಿ. ಹೊಳಪು ಪದವನ್ನು ಪೂರ್ತಿ ಮುಚ್ಚಿದಾಗ ಪತ್ತೆಹಚ್ಚುವ ಹಂತ ಅಲ್ಲಿ ಬರಹವೇ ಇಲ್ಲವೆಂದು ಭಾವಿಸುವುದರಿಂದ, ಆ ಪದಕ್ಕೆ ಕಡಿಮೆ ಅಂಕವಲ್ಲ, ಅಂಕವೇ ಬರುವುದಿಲ್ಲ. ಇನ್ನು 8ರ ಎಡಭಾಗವನ್ನು ಮಾತ್ರ ಹೊಳಪು ನುಂಗಿದಾಗ ಉಳಿಯುವುದು ಅಂದವಾದ 3, ಅದಕ್ಕೆ ಉತ್ತಮ ಅಂಕವೇ ಸಿಗಬಹುದು. ಆದ್ದರಿಂದ ಬಿಡಿಸಿಟ್ಟ ಹೊಳಪಿನ ಚಿತ್ರದೊಂದಿಗೆ ಪ್ರತಿ ಪದದ ಚೌಕಟ್ಟನ್ನು ಹೋಲಿಸಿ, ಹೊಳಪು ತಗುಲಿದ ಪದಗಳನ್ನು ಅಂಕ ಎಷ್ಟೇ ಇದ್ದರೂ ‘ಓದಲಾಗಿಲ್ಲ’ ಎಂದು ಗುರುತಿಸಿ. ಪಕ್ಕದ ಫೋಟೊದಲ್ಲಿ ಅದೇ ಪದ ಸ್ವಚ್ಛವಾಗಿ ಸಿಕ್ಕಿದ್ದರೆ ಅದನ್ನು ತೆಗೆದುಕೊಳ್ಳಿ.

ಹಂತ 8: ಅಂಕಿಗಳನ್ನು ಲೆಕ್ಕದಿಂದ ಪರಿಶೀಲಿಸಿ

ಪದವೊಂದರಲ್ಲಿ ಅಕ್ಷರ ತಪ್ಪಿದರೆ ನಿಘಂಟಿನಿಂದ ಸರಿಪಡಿಸಬಹುದು, ಅಂಕಿಗಳಿಗೆ ಆ ಆಸರೆ ಇಲ್ಲ. ಅದರಲ್ಲೂ ದಶಮಾಂಶ ಚುಕ್ಕಿ ಹೊಳಪಿಗೆ ಮೊದಲ ಬಲಿ. ನಮ್ಮ ಡಬ್ಬದ ಕೋಷ್ಟಕದಲ್ಲಿ 100 ಗ್ರಾಂಗೆ ಕಾರ್ಬೊಹೈಡ್ರೇಟ್ 62 ಗ್ರಾಂ, ಪ್ರೋಟೀನ್ 8 ಗ್ರಾಂ, ಕೊಬ್ಬು 2.5 ಗ್ರಾಂ, ಶಕ್ತಿ 303 ಕಿಲೊಕ್ಯಾಲರಿ ಎಂದಿದ್ದು, ಚುಕ್ಕಿ ಕಳೆದು ಕೊಬ್ಬು 25 ಎಂದು ಓದಲಾಗಿದೆ ಎನ್ನೋಣ. ಮೂರನ್ನೂ ಕೂಡಿದರೆ 95 ಬರುತ್ತದೆ, 100ನ್ನು ಮೀರುವುದಿಲ್ಲ, ಹಾಗಾಗಿ ಬರಿಯ ಕೂಡಿಕೆ ಈ ತಪ್ಪನ್ನು ಹಿಡಿಯುವುದಿಲ್ಲ. ಆದರೆ ಕಾರ್ಬೊಹೈಡ್ರೇಟ್ ಮತ್ತು ಪ್ರೋಟೀನ್‌ಗೆ ಗ್ರಾಂಗೆ 4, ಕೊಬ್ಬಿಗೆ 9 ಕಿಲೊಕ್ಯಾಲರಿಯಂತೆ ಲೆಕ್ಕ ಹಾಕಿದರೆ 248 + 32 + 225 = 505 ಆಗುತ್ತದೆ, ಇದು 303ರಿಂದ ಬಹಳ ದೂರ. ಕೊಬ್ಬು 2.5 ಎಂದಿಟ್ಟರೆ 302.5 ಬರುತ್ತದೆ. ನಾರಿನಂಶ ಮತ್ತು ಪೂರ್ಣಾಂಕಗೊಳಿಸುವಿಕೆಯಿಂದ ಸಣ್ಣ ವ್ಯತ್ಯಾಸ ಇರುವುದು ಸಹಜವಾದ್ದರಿಂದ ಶೇ 10ರವರೆಗಿನ ಅಂತರವನ್ನು ಬಿಟ್ಟುಬಿಡಿ. ಬಾರ್‌ಕೋಡ್‌ನ ಕೆಳಗಿನ 13 ಅಂಕಿಗಳಿಗೂ ಇಂತಹ ತಪಾಸಣೆ ಇದೆ. ಎಡದಿಂದ ಮೊದಲ 12 ಅಂಕಿಗಳನ್ನು 1, 3, 1, 3 ಎಂಬ ಕ್ರಮದಲ್ಲಿ ಗುಣಿಸಿ ಕೂಡಿ, ಆ ಮೊತ್ತದಿಂದ ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಬೇಕೋ ಅದೇ 13ನೆಯ ಅಂಕಿ ಆಗಿರಬೇಕು, ಮೊತ್ತವೇ ಹತ್ತರ ಗುಣಕವಾಗಿದ್ದರೆ ಆ ಅಂಕಿ 0.

ಈ ಕ್ರಮ ನಡೆಯದ ಕಡೆಗಳು

ಮೇಲಿನದೆಲ್ಲ ಒಂದೇ ದಿಕ್ಕಿನಲ್ಲಿ ಬಾಗಿದ ಮೇಲ್ಮೈಗೆ ಹೇಳಿದ್ದು. ಬಾಟಲಿಯ ಹೆಗಲಿನ ಭಾಗ ಎರಡು ದಿಕ್ಕಿನಲ್ಲಿ ಬಾಗಿರುವುದರಿಂದ ಅಲ್ಲಿ ದೀಪವನ್ನು ಮೇಲೇರಿಸಿದರೂ ಬಿಂಬ ಎಲ್ಲೋ ಒಂದೆಡೆ ಉಳಿದೇ ಉಳಿಯುತ್ತದೆ, sin ಸೂತ್ರವೂ ಹೊಂದುವುದಿಲ್ಲ. ಅಲ್ಲಿ ದೀಪ ಸರಿಸಿ ಎರಡು ಫೋಟೊ ಬೆರೆಸುವ ದಾರಿಯೇ ಗತಿ.

ಮೆತ್ತನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಪ್ರತಿ ಸುಕ್ಕೂ ಒಂದೊಂದು ಪುಟ್ಟ ಸಿಲಿಂಡರ್, ಪ್ರತಿಯೊಂದಕ್ಕೂ ಅದರದೇ ಹೊಳಪಿನ ಗೆರೆ. ಲೆಕ್ಕದಿಂದ ಇವನ್ನು ಬಿಡಿಸಲು ಹೋಗುವುದಕ್ಕಿಂತ, ಒಳಗಿನ ಸರಕನ್ನು ಒಂದು ಬದಿಗೆ ಸರಿಸಿ ಬರಹದ ಭಾಗವನ್ನು ಹಲಗೆಯ ಮೇಲೆ ಬಿಗಿಯಾಗಿ ಎಳೆದು ಅಂಟಿಸಿ ಫೋಟೊ ತೆಗೆಯುವುದು ಎಷ್ಟೋ ಲೇಸು.

ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ಬಿಡಿ ಬಿಡಿ ಚುಕ್ಕಿಗಳಿಂದ, ಹಲವು ಸಲ ಡಬ್ಬದ ತಳದ ಬರಿಯ ಲೋಹದ ಮೇಲೆ, ಲೇಬಲ್ಲಿಗಿಂತ ಪ್ರತ್ಯೇಕವಾಗಿ ಮುದ್ರಿಸಿರುತ್ತಾರೆ. ಪುಸ್ತಕದ ಅಕ್ಷರಗಳಿಂದ ಕಲಿತ ಮಾದರಿ ಚುಕ್ಕಿಗಳನ್ನು ಅಕ್ಷರವೆಂದು ಕಾಣದೆ ಕೊಳೆಯೆಂದು ತೆಗೆದುಹಾಕಬಹುದು. ಚಿತ್ರವನ್ನು ಸ್ವಲ್ಪ ಮಸುಕುಗೊಳಿಸಿ ಚುಕ್ಕಿಗಳು ಒಂದಕ್ಕೊಂದು ತಾಗುವಂತೆ ಮಾಡಿದರೆ ಕೆಲವೊಮ್ಮೆ ಓದು ಸಿಗುತ್ತದೆ. ಆದರೂ ದಿನಾಂಕವನ್ನು ಒಮ್ಮೆ ಕಣ್ಣಿನಿಂದ ನೋಡಿ, ಕೈಯಿಂದಲೇ ನಮೂದಿಸುವುದು ಸುರಕ್ಷಿತ.